ದೂರದ ಸೈರನ್ ನಾಯಿಯ ಕಿವಿಗೆ ಯಾರ ದನಿ?

ಪ್ರಶ್ನೆ: ರಾತ್ರಿ ಎಲ್ಲೋ ದೂರದಲ್ಲಿ ಆಂಬುಲೆನ್ಸ್ ಸೈರನ್ ಕೇಳಿಸಿದರೆ ಸಾಕು, ನಮ್ಮ ಬೀದಿಯ ನಾಯಿಗಳೆಲ್ಲ ತಲೆ ಎತ್ತಿ ಒಟ್ಟಿಗೆ ಊಳಿಡಲು ತೊಡಗುತ್ತವೆ. ಅದೇ ಆಂಬುಲೆನ್ಸ್ ಮನೆಯ ಮುಂದೆಯೇ ಹಾದುಹೋದ ದಿನ ಮಾತ್ರ ಊಳಿಡದೆ ಬೊಗಳಿಕೊಂಡು ಪಕ್ಕಕ್ಕೆ ಓಡಿದವು. ಸೈರನ್ನಿನಿಂದ ಅವುಗಳ ಕಿವಿ ನೋಯುತ್ತದೆಯೇ? ಹಾಗಿದ್ದರೆ ಹತ್ತಿರ ಬಂದಾಗ ಇನ್ನೂ ಜೋರಾಗಿ ಊಳಿಡಬೇಕಿತ್ತಲ್ಲ? ಎಲ್ಲವೂ ಒಟ್ಟಿಗೆ ಶುರುಮಾಡುವುದಾದರೂ ಹೇಗೆ?

ಉತ್ತರ: ನೀವು ಕಂಡ ಆ ವ್ಯತ್ಯಾಸದಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ವಾಹನ ಅದೇ, ಸೈರನ್ ಅದೇ, ಕೇಳುವ ನಾಯಿಗಳೂ ಅವೇ. ಬದಲಾದದ್ದು ನಡುವಿನ ದೂರ ಒಂದೇ. ಆದ್ದರಿಂದ ದೂರ ಸಾಗುವಾಗ ಶಬ್ದಕ್ಕೆ ಏನಾಗುತ್ತದೆ ಎಂದು ಹುಡುಕಿದರೆ ಊಳಿನ ಗುಟ್ಟು ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಮೊದಲು ಕಿವಿನೋವಿನ ಮಾತನ್ನು ಇತ್ಯರ್ಥ ಮಾಡಿಕೊಳ್ಳೋಣ, ಏಕೆಂದರೆ ಈ ತಪ್ಪು ತಿಳಿವಳಿಕೆ ಬಹಳ ಗಟ್ಟಿಯಾಗಿ ಬೇರೂರಿದೆ.

ನಾಯಿಯ ಕಿವಿ ಸುಮಾರು 45,000 ಹರ್ಟ್ಜ್‌ವರೆಗಿನ ಕೀರಲು ಸದ್ದನ್ನೂ ಕೇಳಬಲ್ಲದು. ನಮ್ಮದು 20,000ಕ್ಕೆ ನಿಲ್ಲುತ್ತದೆ. ಇಷ್ಟನ್ನು ಓದಿದವರು ಸೈರನ್ನಿನಲ್ಲಿ ನಮಗೆ ಕೇಳಿಸದ ಏನೋ ಚುಚ್ಚುವ ಸದ್ದು ಇರಬೇಕು ಎಂದುಕೊಳ್ಳುತ್ತಾರೆ. ಆದರೆ ಸೈರನ್ನು ತಯಾರಿಸುವುದು ಮನುಷ್ಯರ ಕಿವಿಗಾಗಿ. ಅದರ ಮುಖ್ಯ ಸ್ವರ ಕೆಲವು ನೂರು ಹರ್ಟ್ಜ್‌ನಿಂದ ಹೆಚ್ಚುಕಡಿಮೆ ಒಂದೂವರೆ ಸಾವಿರದ ನಡುವೆ ಏರಿಳಿಯುತ್ತದೆ. ಇನ್ನು ಜೋರಿನ ಲೆಕ್ಕ. ಆಂಬುಲೆನ್ಸಿನ ಸೈರನ್ ಮೂರು ಮೀಟರ್ ದೂರದಲ್ಲಿ ಸುಮಾರು 120 ಡೆಸಿಬಲ್ ಇರುತ್ತದೆ, ಅದು ನಿಜಕ್ಕೂ ಕಿವಿ ನೋಯಿಸುವ ಮಟ್ಟ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಆರು ಡೆಸಿಬಲ್ ಇಳಿಯುತ್ತದೆ. ಮೂರು ಮೀಟರ್ ಆರಾಗಿ, ಆರು ಹನ್ನೆರಡಾಗಿ, ಹೀಗೆ ಒಂಬತ್ತು ಸಲ ಎರಡರಷ್ಟಾದರೆ ಸುಮಾರು ಒಂದೂವರೆ ಕಿಲೋಮೀಟರ್. ಅಷ್ಟರಲ್ಲಿ 54 ಡೆಸಿಬಲ್ ಕಳೆದು 66 ಉಳಿಯುತ್ತದೆ. ನಡುವೆ ಕಟ್ಟಡಗಳು, ಮರಗಳು, ತಿರುವುಗಳು ಇದ್ದರೆ ಅದರಿಂದಲೂ ಇನ್ನಷ್ಟು ಕಳೆದು, ನಿಮ್ಮ ಬೀದಿಗೆ ಮುಟ್ಟುವುದು ಇಬ್ಬರು ಮೆಲ್ಲಗೆ ಮಾತನಾಡುವಷ್ಟು ಸದ್ದು. ಪಕ್ಕದಲ್ಲಿ ನಿಂತ ಇನ್ನೊಂದು ನಾಯಿಯ ಬೊಗಳು ಅದಕ್ಕಿಂತ ಎಷ್ಟೋ ಜೋರು. ಆ ಬೊಗಳಿಗೆ ನೋಯದ ಕಿವಿ ಈ ಸೈರನ್ನಿಗೆ ನೋಯುವುದು ಸಾಧ್ಯವಿಲ್ಲ.

ಲೆಕ್ಕ ಬೇಡವೆಂದರೆ ಮೈಯನ್ನು ನೋಡಿ. ಪಟಾಕಿ ಸಿಡಿದಾಗ ನಾಯಿ ಬಾಲವನ್ನು ಹೊಟ್ಟೆಯ ಕೆಳಗೆ ಎಳೆದುಕೊಳ್ಳುತ್ತದೆ, ಬೆನ್ನು ತಗ್ಗಿಸುತ್ತದೆ, ಏದುಸಿರು ಬಿಡುತ್ತದೆ, ನಿಂತ ವಾಹನದ ಅಡಿಗೋ ಮೂಲೆಗೋ ನುಗ್ಗುತ್ತದೆ. ಸದ್ದಿನಿಂದ ಕಷ್ಟಪಡುವ ನಾಯಿಯ ರೂಪ ಅದು. ದೂರದ ಸೈರನ್ನಿಗೆ ಊಳಿಡುವ ನಾಯಿ ಹೀಗೆ ಏನನ್ನೂ ಮಾಡುವುದಿಲ್ಲ. ಮಲಗಿದ್ದಲ್ಲೇ ಕತ್ತು ಎತ್ತುತ್ತದೆ ಇಲ್ಲವೇ ಎದ್ದು ರಸ್ತೆಯ ನಡುವಿಗೆ ಬಂದು ಸದ್ದು ಬಂದ ದಿಕ್ಕಿಗೆ ಮುಖ ಮಾಡುತ್ತದೆ. ಊಳು ಮುಗಿದ ಅರೆ ನಿಮಿಷಕ್ಕೆ ಮತ್ತೆ ಸುರುಳಿ ಸುತ್ತಿಕೊಂಡು ಮಲಗುತ್ತದೆ. ನೋಡುವವರನ್ನು ದಾರಿ ತಪ್ಪಿಸುವುದು ಹಿಂದಕ್ಕೆ ಬಾಗಿದ ಕಿವಿಗಳು. ಮೂತಿಯನ್ನು ಆಕಾಶಕ್ಕೆ ಎತ್ತಿ ಊಳಿಡುವಾಗ ಕಿವಿ ಹಾಗೆ ಹಿಂದೆ ಸರಿಯುತ್ತದೆ. ಅದು ಊಳಿನ ಭಂಗಿಯ ಒಂದು ಭಾಗ. ನಿಮ್ಮ ಮನೆಯ ಮುಂದೆ ನಡೆದದ್ದು ಬೇರೆ: ಅಲ್ಲಿ ಸೈರನ್ ನಿಜಕ್ಕೂ ಅತಿ ಜೋರಾಗಿತ್ತು, ಆದ್ದರಿಂದಲೇ ನಾಯಿಗಳು ಊಳಿಡದೆ ಓಡಿದವು.

ಹಾಗಾದರೆ ಊಳು ಎಂದರೆ ಏನು? ನಮ್ಮ ವ್ಯಾಕರಣದಲ್ಲಿ ಒಂದು ಮಾತ್ರೆಯ ಹ್ರಸ್ವ ಸ್ವರ, ಎರಡು ಮಾತ್ರೆಯ ದೀರ್ಘ ಸ್ವರಗಳ ಜೊತೆಗೆ ಮೂರು ಮಾತ್ರೆಯ ಪ್ಲುತ ಸ್ವರವೂ ಇದೆ. ದೂರದವರನ್ನು ಕರೆಯುವಾಗ, ಹಾಡುವಾಗ, ಅಳುವಾಗ ಬರುವುದು ಪ್ಲುತ ಎಂದು ಶಾಲೆಯಲ್ಲಿ ಓದಿದ್ದು ನೆನಪಿರಬಹುದು. ಎದುರಿಗೆ ಇರುವವರನ್ನು ‘ತಮ್ಮಾ’ ಎನ್ನುತ್ತೇವೆ. ಗದ್ದೆಯ ಆಚೆ ಬದಿಯಲ್ಲಿ ಇರುವವನನ್ನು ‘ತಮ್ಮಾ…’ ಎಂದು ಎಳೆಯುತ್ತೇವೆ. ಎಳೆದ ಸ್ವರ ದೂರ ಹೋಗುತ್ತದೆ, ಕತ್ತರಿಸಿದ ವ್ಯಂಜನ ನಡುದಾರಿಯಲ್ಲೇ ಕರಗುತ್ತದೆ. ನಾಯಿಯ ಕುಲಕ್ಕೂ ಇದೇ ಎರಡು ದಾರಿಗಳಿವೆ. ಬೊಗಳು ಹತ್ತಿರದ ಮಾತು: ಒಂದು ಸೆಕೆಂಡಿಗಿಂತ ಕಡಿಮೆ ಕಾಲದ, ಒರಟಾದ, ಒಡೆದ ಸದ್ದು. ಊಳು ಪ್ಲುತ: ಹಲವು ಸೆಕೆಂಡುಗಳ ಕಾಲ ಎಳೆದ, ಒಂದೇ ಎಳೆಯಂಥ ನಯವಾದ ಸ್ವರ.

ಈ ದನಿಯನ್ನು ನಾಯಿ ಪಡೆದಿರುವುದು ತೋಳದ ಕಡೆಯಿಂದ. ತೋಳದ ಊಳಿನ ಮೂಲ ಸ್ವರ ಸಾಮಾನ್ಯವಾಗಿ 150 ಹರ್ಟ್ಜ್‌ನಿಂದ ಸಾವಿರದ ಆಸುಪಾಸಿನವರೆಗೆ ಇರುತ್ತದೆ. ಕಾಡಿನಲ್ಲಿ ಅದು ಹತ್ತು ಕಿಲೋಮೀಟರ್‌ವರೆಗೂ, ಮರಗಳಿಲ್ಲದ ಬಯಲಿನಲ್ಲಿ ಇನ್ನೂ ಹೆಚ್ಚು ದೂರಕ್ಕೂ ಕೇಳಿಸಬಲ್ಲದು. ತಲೆ ಎತ್ತಿದಾಗ ಗಂಟಲಿನ ದಾರಿ ನೇರವಾಗುತ್ತದೆ, ತುಟಿಗಳು ‘ಊ’ ಎನ್ನುವಂತೆ ದುಂಡಗಾಗುತ್ತವೆ. ಇದರಿಂದ ಉಸಿರಿನ ಬಲವೆಲ್ಲ ಹಲವು ಸ್ವರಗಳಾಗಿ ಚದುರದೆ ಒಂದು ತೆಳು ಸ್ವರದಲ್ಲಿ ಸೇರುತ್ತದೆ. ಊಳಿನಲ್ಲಿ ತಿಳಿಸಬೇಕಾದ ಸುದ್ದಿಯೂ ಸರಳವಾದದ್ದು: ನಾನು ಇಲ್ಲಿದ್ದೇನೆ, ನೀವು ಎಲ್ಲಿದ್ದೀರಿ?

ಈಗ ಸೈರನ್ನಿನ ಪ್ರಯಾಣಕ್ಕೆ ಬರೋಣ. ಹತ್ತಿರದಿಂದ ಕೇಳಿದರೆ ಅದು ಶುದ್ಧ ಸ್ವರವಲ್ಲ. 800 ಹರ್ಟ್ಜ್‌ನ ಮೂಲ ಸ್ವರ ಇದ್ದರೆ ಅದರ ಮೇಲೆ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟು ಆವೃತ್ತಿಯ ಉಪಸ್ವರಗಳು ಪದರ ಪದರವಾಗಿ ಕುಳಿತಿರುತ್ತವೆ. ಸೈರನ್ನಿಗೆ ಆ ಕರ್ಕಶ ಅಂಚು ಬರುವುದು ಇವುಗಳಿಂದಲೇ. ಗಾಳಿ ಈ ಪದರಗಳನ್ನೆಲ್ಲ ಸಮನಾಗಿ ಸಾಗಿಸುವುದಿಲ್ಲ. ಸಾಧಾರಣ ಹವೆಯಲ್ಲಿ ಒಂದು ಕಿಲೋಮೀಟರ್ ಹಾದಿಯಲ್ಲಿ 1,000 ಹರ್ಟ್ಜ್‌ನ ಸದ್ದಿನಿಂದ ಗಾಳಿ ಹೀರಿಕೊಳ್ಳುವುದು ಸುಮಾರು ಐದು ಡೆಸಿಬಲ್ ಮಾತ್ರ. 4,000 ಹರ್ಟ್ಜ್‌ನದ್ದರಿಂದ ಇಪ್ಪತ್ತಕ್ಕೂ ಹೆಚ್ಚು. 8,000 ಹರ್ಟ್ಜ್ ಆದರೆ ಎಪ್ಪತ್ತರ ಆಸುಪಾಸು, ಎಂದರೆ ಏನೂ ಉಳಿಯುವುದಿಲ್ಲ ಎಂದೇ ತಿಳಿಯಬೇಕು. ಗೋಡೆಗಳೂ ಹೀಗೆಯೇ ಪಕ್ಷಪಾತ ಮಾಡುತ್ತವೆ. ಕೆಳಗಿನ ಸ್ವರ ಕಟ್ಟಡದ ಮೂಲೆಯನ್ನು ಬಳಸಿಕೊಂಡು ಬರುತ್ತದೆ, ಮೇಲಿನ ಸ್ವರ ಗೋಡೆಯ ಹಿಂದೆಯೇ ನೆರಳಿನಂತೆ ಕಡಿದುಹೋಗುತ್ತದೆ. ಒಂದೂವರೆ ಕಿಲೋಮೀಟರ್ ದಾಟುವಷ್ಟರಲ್ಲಿ ಸೈರನ್ನಿನ ಒರಟು ಸಿಪ್ಪೆ ಸುಲಿದುಹೋಗಿ, ಒಳಗಿನ ಮೂಲ ಸ್ವರ ಬಹುಪಾಲು ಒಂಟಿಯಾಗಿ ಉಳಿಯುತ್ತದೆ.

ಪ್ರತಿಧ್ವನಿ ಇನ್ನೊಂದು ಕೆಲಸ ಮಾಡುತ್ತದೆ. ಒಂದೇ ಸದ್ದು ಹಲವು ಗೋಡೆಗಳಿಗೆ ತಾಗಿ ಬೇರೆ ಬೇರೆ ಕ್ಷಣಗಳಲ್ಲಿ ಮುಟ್ಟುವುದರಿಂದ ಚೂಪಾದ ತಿರುವುಗಳು ಒಂದರ ಮೇಲೊಂದು ಹರಡಿ ಮೆತ್ತಗಾಗುತ್ತವೆ. ಥಟ್ಟನೆ ಏರಿದ ಸ್ವರ ಈಗ ಜಾರಿದಂತೆ ಕೇಳಿಸುತ್ತದೆ. ಜೊತೆಗೆ ಇಂಜಿನ್ನಿನ ಗುಡುಗು ಇಲ್ಲ, ಚಕ್ರದ ಸದ್ದು ಇಲ್ಲ, ತಿರುಗುವ ಕೆಂಪು ನೀಲಿ ದೀಪವಿಲ್ಲ. ವಾಹನ ಎಂದು ಹೇಳುವ ಗುರುತುಗಳೆಲ್ಲ ಹಿಂದೆ ಉಳಿದು, ನಾಯಿಗೆ ಮುಟ್ಟುವುದು ಏರಿ ಇಳಿಯುವ ಒಂದು ಉದ್ದ ಸ್ವರ ಮಾತ್ರ. ಅದು ಊಳಿನ ಅಚ್ಚಿಗೆ ಎಷ್ಟು ಸರಿಹೊಂದುತ್ತದೆ ಎಂದು ಕೇಳಿಸಿಕೊಂಡವರಿಗೇ ಗೊತ್ತು. ನನಗಂತೂ ಅರೆನಿದ್ದೆಯಲ್ಲಿ ಕೇಳಿದ ಸದ್ದು ಸೈರನ್ನಿನದೋ ಮೂರು ಬೀದಿ ಆಚೆಯ ನಾಯಿಯದೋ ಎಂದು ಕೆಲವು ಸೆಕೆಂಡು ಗೊತ್ತಾಗದೆ ಹೋದದ್ದು ಹಲವು ಸಲ ಇದೆ.

ರಾತ್ರಿ ಇದೆಲ್ಲ ಇನ್ನಷ್ಟು ಚೆನ್ನಾಗಿ ನಡೆಯುತ್ತದೆ. ಸಂಚಾರದ ಗದ್ದಲ ಇಳಿದಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಸ್ವಾರಸ್ಯದ ಕಾರಣ ನೆಲದ ಬಳಿ ಇದೆ. ಹಗಲು ನೆಲದ ಹತ್ತಿರದ ಗಾಳಿ ಬಿಸಿಯಾಗಿದ್ದು, ಸದ್ದು ಮೇಲಕ್ಕೆ ಬಾಗಿ ಆಕಾಶಕ್ಕೆ ಹೊರಟುಹೋಗುತ್ತದೆ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಯಲ್ಲಿ ನೆಲ ತಣ್ಣಗಾಗಿ ಅದರ ಮೇಲಿನ ಗಾಳಿಯೂ ತಣ್ಣಗಾಗುತ್ತದೆ, ಬೆಚ್ಚಗಿನ ಪದರ ಮೇಲಿರುತ್ತದೆ. ಆಗ ಸದ್ದು ಕೆಳಕ್ಕೆ ಬಾಗಿ ನೆಲದ ಉದ್ದಕ್ಕೂ ಸಾಗುತ್ತದೆ. ಹಗಲಿನಲ್ಲಿ ನಿಮ್ಮ ಬೀದಿಗೆ ಮುಟ್ಟದ ಸೈರನ್ ನಡುರಾತ್ರಿ ಮುಟ್ಟುವುದು ಹೀಗೆ.

‘ನಾಯಿ ಅಷ್ಟು ದಡ್ಡ ಪ್ರಾಣಿಯೇ, ಸೈರನ್ನನ್ನು ಇನ್ನೊಂದು ನಾಯಿ ಎಂದುಕೊಳ್ಳಲು?’ ಎಂದು ಕೇಳುವವರಿದ್ದಾರೆ. ನಾಯಿ ಹಾಗೆ ಅಂದುಕೊಳ್ಳಬೇಕಾಗಿಯೇ ಇಲ್ಲ. ಆಕಳಿಸುವ ಮನುಷ್ಯನ ಚಿತ್ರ ನೋಡಿದರೂ ನಮಗೆ ಆಕಳಿಕೆ ಬರುತ್ತದೆ. ಚಿತ್ರ ಮನುಷ್ಯನಲ್ಲ ಎಂದು ನಮಗೆ ಚೆನ್ನಾಗಿ ಗೊತ್ತಿದ್ದರೂ ಬಾಯಿ ತೆರೆಯುತ್ತದೆ. ಊಳಿನ ಪ್ರತಿಕ್ರಿಯೆಯೂ ಇಂಥದ್ದು. ಒಂದು ಸೆಕೆಂಡಿಗಿಂತ ಉದ್ದವಾಗಿರಬೇಕು, ಸ್ವರ ನಯವಾಗಿರಬೇಕು, ನಿಧಾನವಾಗಿ ಜಾರಬೇಕು, ಸ್ಥಾಯಿ ಊಳಿನ ಹತ್ತಿರ ಇರಬೇಕು. ಇಷ್ಟು ಗುರುತುಗಳು ಕೂಡಿದರೆ ಗಂಟಲು ತಾನಾಗಿ ಸಜ್ಜಾಗುತ್ತದೆ. ಕೊಳಲಿಗೋ ಯಾರದೋ ಉದ್ದನೆಯ ಆಲಾಪಕ್ಕೋ ದನಿಗೂಡಿಸುವ ನಾಯಿಗಳನ್ನು ನೀವು ಕಂಡಿರಬಹುದು. ಅವೂ ಇದೇ ಗುರುತುಗಳಿಗೆ ಸ್ಪಂದಿಸುತ್ತಿರುತ್ತವೆ.

ಈ ಅಚ್ಚು ಎಷ್ಟು ಸಡಿಲ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಬೀದಿಯಲ್ಲಿಲ್ಲ, ಕಾಡಿನಲ್ಲಿದೆ. ಕೆನಡಾದ ಅಲ್ಗಾಂಕ್ವಿನ್ ಪಾರ್ಕಿನಲ್ಲಿ ಸಂಶೋಧಕರು ತಾವೇ ಬಾಯಿಂದ ಊಳಿಟ್ಟು ತೋಳಗಳಿಂದ ಉತ್ತರ ಪಡೆದು ಅವುಗಳ ನೆಲೆ ಹುಡುಕುತ್ತಿದ್ದರು. 1963ರಿಂದ ಅಲ್ಲಿ ಸಾರ್ವಜನಿಕರನ್ನೂ ಕರೆದುಕೊಂಡು ಹೋಗಿ ತೋಳಗಳ ಉತ್ತರ ಕೇಳಿಸುವ ಪದ್ಧತಿ ಬಂದಿದೆ. ಮನುಷ್ಯನ ಊಳು ತೋಳದ ಊಳಿನ ತೀರ ಒರಟು ನಕಲು, ಆದರೂ ಅದು ಸಾಕಾಗುತ್ತದೆ. ಉತ್ತರ ಅಮೆರಿಕದ ಕಯೋಟಿ ಎಂಬ ಪ್ರಾಣಿ ನಾಯಿ ಮತ್ತು ತೋಳಗಳಿಗೆ ಹತ್ತಿರದ ಬಂಧು. ಅವುಗಳನ್ನು ಎಣಿಸಲು ವನ್ಯಜೀವಿ ತಜ್ಞರು ವಾಹನದಲ್ಲಿ ಸೈರನ್ ಹೊತ್ತುಕೊಂಡು ಹೋಗಿ, ರಾತ್ರಿ ನಿಗದಿತ ಜಾಗಗಳಲ್ಲಿ ಅದನ್ನು ಊದಿಸಿ, ಎಲ್ಲೆಲ್ಲಿಂದ ಉತ್ತರ ಬಂತೆಂದು ಗುರುತು ಹಾಕಿಕೊಳ್ಳುವ ವಿಧಾನವನ್ನೇ ಬಳಸಿದ್ದಾರೆ. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಊರಿನಿಂದ ದೂರ ಬದುಕುವ ಕಯೋಟಿಗೆ ಆಂಬುಲೆನ್ಸಿನ ಪರಿಚಯವಿಲ್ಲ, ಬೀದಿಯ ಬದುಕಿಲ್ಲ, ಅದಕ್ಕೆ ಯಾರೂ ಏನನ್ನೂ ಕಲಿಸಿಲ್ಲ. ಅದೂ ಸೈರನ್ನಿಗೆ ಊಳಿಡುತ್ತದೆ ಎಂದಮೇಲೆ, ಇದು ನಿಮ್ಮ ನಾಯಿಗಳು ಬೀದಿಯಲ್ಲಿ ಕಲಿತ ಚಾಳಿ ಅಲ್ಲ, ಕುಲದಲ್ಲಿ ಬಂದ ಗುಣ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಎಲ್ಲವೂ ಒಟ್ಟಿಗೆ ಏಕೆ ಎಂಬುದು. ಅವು ಒಟ್ಟಿಗೆ ಶುರುಮಾಡುವುದಿಲ್ಲ. ನಮಗೆ ಹಾಗೆ ಅನಿಸುತ್ತದೆ ಅಷ್ಟೆ. ಒಂದು ರಾತ್ರಿಯನ್ನು ಸೆಕೆಂಡುಗಳಾಗಿ ಬಿಡಿಸಿ ನೋಡೋಣ. ಬೀದಿಯಲ್ಲಿ ಐದು ನಾಯಿಗಳಿವೆ ಎಂದಿಟ್ಟುಕೊಳ್ಳಿ: ವಯಸ್ಸಾದ ಒಂದು ಹೆಣ್ಣು, ಅದರ ಬೆಳೆದ ಮಕ್ಕಳು ಎರಡು, ಈಚೆಗೆ ಬಂದು ಸೇರಿದ ಒಂದು ಗಂಡು, ನಾಲ್ಕು ತಿಂಗಳ ಒಂದು ಮರಿ. ಎರಡು ಕಿಲೋಮೀಟರ್ ಆಚೆ ಸೈರನ್ ಹೊರಟಿದೆ. ಸದ್ದು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು, ಆದ್ದರಿಂದ ಆರು ಸೆಕೆಂಡಿನ ಹಳೆಯ ಸ್ವರ ಈ ಬೀದಿಗೆ ಮುಟ್ಟುತ್ತದೆ. ಮುದಿ ಹೆಣ್ಣಿನ ಕಿವಿ ಮೊದಲು ನಿಮಿರುತ್ತದೆ. ಅದು ತಕ್ಷಣ ಊಳಿಡುವುದಿಲ್ಲ. ಸೈರನ್ ಒಮ್ಮೆಯೋ ಎರಡು ಸಲವೋ ಏರಿ ಇಳಿಯುವವರೆಗೆ ಕೇಳುತ್ತದೆ. ಆಮೇಲೆ ತಗ್ಗಿನಲ್ಲಿ ಒಂದು ಕುಯ್ ಎಂಬ ಸದ್ದು, ಅದರ ಬೆನ್ನಿಗೆ ಮೊದಲ ಊಳು. ಇಲ್ಲಿಯವರೆಗೆ ಸೈರನ್ನಿಗೆ ಉತ್ತರ ಕೊಟ್ಟಿರುವುದು ಅದೊಂದೇ.

ಎರಡನೆಯ ನಾಯಿಯ ಸ್ಥಿತಿ ಈಗ ಬೇರೆ. ಅದರ ಕಿವಿಗೆ ದೂರದ ಮಸುಕು ಸೈರನ್ನಿನ ಜೊತೆಗೆ ಹತ್ತು ಮಾರು ಆಚೆ ತನ್ನ ತಾಯಿಯ ಜೋರಾದ, ಅಸಲಿ ಊಳು ಬೀಳುತ್ತಿದೆ. ಅದು ಉತ್ತರಿಸುವುದು ಹೆಚ್ಚಾಗಿ ತಾಯಿಗೆ. ಮೂರನೆಯದಕ್ಕೆ ಇಬ್ಬರ ದನಿ, ನಾಲ್ಕನೆಯದಕ್ಕೆ ಮೂವರದು. ಪ್ರತಿ ಹೊಸ ದನಿ ಮುಂದಿನದರ ಮೇಲಿನ ಒತ್ತಡವನ್ನು ಹೆಚ್ಚಿಸುತ್ತದೆ, ಆದ್ದರಿಂದ ನಡುವಿನ ಅಂತರವೂ ಕುಗ್ಗುತ್ತ ಹೋಗುತ್ತದೆ. ಸೈರನ್ನನ್ನು ಗಮನಿಸದೆ ನಿದ್ದೆ ಮಾಡುತ್ತಿದ್ದ ಗಂಡು ನಾಯಿಯೂ ಎದ್ದು ಸೇರುತ್ತದೆ. ಅದಕ್ಕೆ ಸೈರನ್ ಕೇಳಿಸಿಯೇ ಇರಲಾರದು. ಮರಿ ಮೊದಲು ಬೊಗಳಿ, ಆಮೇಲೆ ಒಡೆದ ದನಿಯಲ್ಲಿ ಊಳಲು ಯತ್ನಿಸುತ್ತದೆ. ಇಷ್ಟು ನಡೆಯಲು ಹತ್ತು ಹದಿನೈದು ಸೆಕೆಂಡು ಸಾಕು. ಅಷ್ಟರಲ್ಲಿ ಮುಂದಿನ ಬೀದಿಯ ಗುಂಪಿಗೆ ಈ ಐವರ ಸದ್ದು ಮುಟ್ಟಿ ಅಲ್ಲೂ ಇದೇ ಸರಪಳಿ ತೊಡಗುತ್ತದೆ. ನಿದ್ದೆಯಿಂದ ಎಚ್ಚೆತ್ತ ಮನುಷ್ಯನಿಗೆ ಕೇಳಿಸುವುದು ಕೊನೆಯ ಹಂತ ಮಾತ್ರ, ಊರಿನ ನಾಯಿಗಳೆಲ್ಲ ಒಂದೇ ಕ್ಷಣಕ್ಕೆ ಬಾಯಿ ತೆರೆದಂತೆ. ಸಂದೇಹವಿದ್ದರೆ ಮೊಬೈಲನ್ನು ಕಿಟಕಿಯ ಹೊರಗಿಟ್ಟು ಧ್ವನಿಮುದ್ರಣ ಮಾಡಿ, ಬೆಳಗ್ಗೆ ನಿಧಾನವಾಗಿ ಕೇಳಿ. ಮೊದಲ ದನಿ ಒಂದೇ ಇರುತ್ತದೆ, ಬಹಳ ರಾತ್ರಿಗಳಲ್ಲಿ ಅದು ಅದೇ ನಾಯಿಯದೇ ಆಗಿರುವುದನ್ನೂ ನೀವು ಗುರುತಿಸಬಹುದು.

ಈ ಸರಪಳಿ ಬರಿಯ ಅನುಕರಣೆ ಅಲ್ಲ, ಅದರಲ್ಲಿ ಸಂಬಂಧವಿದೆ. ಆಸ್ಟ್ರಿಯಾದ ತೋಳ ಸಂಶೋಧನಾ ಕೇಂದ್ರದ ತೋಳಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಪ್ರಿಯವಾದದ್ದು. ಗುಂಪಿನಿಂದ ಒಂದೊಂದೇ ತೋಳವನ್ನು ಹೊರಗೆ ನಡೆದಾಡಿಸಲು ಕರೆದೊಯ್ದು, ಹಿಂದೆ ಉಳಿದವು ಎಷ್ಟು ಊಳಿಡುತ್ತವೆ ಎಂದು ಎಣಿಸಿದರು. ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲನ್ನೂ ಅಳೆದರು. ಹೋದ ತೋಳ ತನಗೆ ಆಪ್ತವಾದದ್ದಾಗಿದ್ದರೆ ಉಳಿದ ತೋಳ ಹೆಚ್ಚು ಊಳಿಟ್ಟಿತು, ಗುಂಪಿನಲ್ಲಿ ಮೇಲಿನ ಸ್ಥಾನದ ತೋಳ ಹೋದಾಗಲೂ ಹೆಚ್ಚು ಊಳು ಕೇಳಿಸಿತು. ಆದರೆ ಆಪ್ತ ಸಂಗಾತಿ ಹೋದಾಗ ಹೆಚ್ಚಿದ ಊಳಿಗೂ ಒತ್ತಡದ ಮಟ್ಟಕ್ಕೂ ತಾಳೆಯಾಗಲಿಲ್ಲ. ಅಂದರೆ ಊಳು ಸಂಕಟ ತುಂಬಿ ಹೊರಚೆಲ್ಲಿದ ಸದ್ದು ಅಲ್ಲ, ಯಾರು ಯಾರಿಗೆ ಎಂಬ ಲೆಕ್ಕವಿರುವ ಕರೆ. ಬೀದಿನಾಯಿಗಳ ಗುಂಪೂ ಒಟ್ಟಿಗೆ ಮಲಗುವ, ಒಟ್ಟಿಗೆ ಗಡಿ ಕಾಯುವ ಬಳಗವೇ. ಮನೆಯೊಳಗೆ ಒಂಟಿಯಾಗಿ ಸಾಕಿದ ನಾಯಿ ಎಷ್ಟೋ ಸಲ ಸೈರನ್ನಿಗೆ ಕಿವಿ ಎತ್ತಿ ಸುಮ್ಮನಾಗುವುದಕ್ಕೆ ಒಂದು ಕಾರಣ ಇದು: ಮೊದಲ ದನಿ ಎತ್ತುವವರೂ ಇಲ್ಲ, ಜೊತೆಗೂಡುವವರೂ ಇಲ್ಲ.

ಗಡಿ ಎಂದೆನಲ್ಲ, ಅದರ ಬಗ್ಗೆಯೂ ಹೇಳಬೇಕು. ಅಮೆರಿಕದ ಮಿನೆಸೋಟಾದಲ್ಲಿ ಫ್ರೆಡ್ ಹ್ಯಾರಿಂಗ್ಟನ್ ಮತ್ತು ಡೇವಿಡ್ ಮೀಚ್ 1970ರ ದಶಕದಲ್ಲಿ ತೋಳಗಳ ಊಳನ್ನು ಅಧ್ಯಯನ ಮಾಡಿ, ಅದು ತನ್ನವರನ್ನು ಕೂಡಿಸುವುದರ ಜೊತೆಗೆ ಪಕ್ಕದ ಹಿಂಡನ್ನು ದೂರ ಇಡುತ್ತದೆ ಎಂದು ತೋರಿಸಿದರು. ಎರಡು ಹಿಂಡುಗಳು ಅಕಸ್ಮಾತ್ ಮುಖಾಮುಖಿಯಾಗಿ ಕಚ್ಚಾಡುವ ಬದಲು ದೂರದಿಂದಲೇ ‘ಈ ಜಾಗದಲ್ಲಿ ನಾವಿದ್ದೇವೆ’ ಎಂದು ಸಾರಿಕೊಳ್ಳುತ್ತವೆ. ಸಾಮೂಹಿಕ ಊಳಿನಲ್ಲಿ ತೋಳಗಳು ಒಂದೇ ಸ್ವರದಲ್ಲಿ ನಿಲ್ಲುವುದಿಲ್ಲ. ಇನ್ನೊಂದು ತನ್ನ ಸ್ವರಕ್ಕೆ ಬಂದರೆ ಮೊದಲಿನದು ಮೇಲೆಯೋ ಕೆಳಗೆಯೋ ಜಾರುತ್ತದೆ. ಹೀಗೆ ಸ್ವರಗಳು ಹೆಣೆದುಕೊಂಡು ಗೋಡೆಗಳಿಂದ ಮರುಕಳಿಸಿದಾಗ ಎಣಿಕೆ ತಪ್ಪುತ್ತದೆ: ಐದು ನಾಯಿಗಳು ಹತ್ತು ಹನ್ನೆರಡಾಗಿ ಕೇಳಿಸುತ್ತವೆ. ನಿಮ್ಮ ಬೀದಿಯ ಗುಂಪು ಸೈರನ್ನಿಗೆ ಬಾಯಿ ತೆರೆದ ಗಳಿಗೆಯಲ್ಲಿ ಪಕ್ಕದ ಬೀದಿಯ ಗುಂಪು ಸುಮ್ಮನಿರಲಾರದು. ಉತ್ತರ ಕೊಡದಿದ್ದರೆ ತಾವು ಇಲ್ಲ ಎಂದಂತಾಗುತ್ತದೆ.

ಎಲ್ಲ ನಾಯಿಗಳೂ ಒಂದೇ ಮಟ್ಟಿಗೆ ಊಳುವುದಿಲ್ಲ. ಬುಡಾಪೆಸ್ಟಿನ ಸಂಶೋಧಕರು ವಿವಿಧ ತಳಿಗಳ 68 ಸಾಕುನಾಯಿಗಳಿಗೆ ತೋಳದ ಊಳಿನ ಧ್ವನಿಮುದ್ರಣ ಕೇಳಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ತೋಳಕ್ಕೆ ವಂಶವಾಹಿಯಲ್ಲಿ ಹತ್ತಿರವಾದ ಹಳೆಯ ತಳಿಗಳು ಹೆಚ್ಚು ಊಳಿನಿಂದಲೂ, ಈಚಿನ ಶತಮಾನಗಳಲ್ಲಿ ಮನುಷ್ಯ ಆರಿಸಿ ಬೆಳೆಸಿದ ತಳಿಗಳು ಹೆಚ್ಚು ಬೊಗಳಿನಿಂದಲೂ ಉತ್ತರಿಸಿದವು. ಈ ವ್ಯತ್ಯಾಸ ಐದು ವರ್ಷ ದಾಟಿದ ನಾಯಿಗಳಲ್ಲೇ ಎದ್ದು ಕಂಡಿತು. ಬೀದಿಯಲ್ಲಿ ಮೊದಲ ದನಿ ಎತ್ತುವುದು ಬಹಳ ಸಲ ವಯಸ್ಸಾದ ನಾಯಿಯೇ ಎಂಬ ನನ್ನ ಅನುಭವಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಪ್ರತಿ ಸೈರನ್ನಿಗೂ ಊಳು ಏಳುವುದಿಲ್ಲ ಎಂಬುದನ್ನೂ ನೀವು ಕಂಡಿರಬೇಕು. ಒಂದು ಕಾರಣ ಸೈರನ್ನಿನಲ್ಲೇ ಇದೆ. ಚಾಲಕರು ತೆರೆದ ರಸ್ತೆಯಲ್ಲಿ ನಿಧಾನವಾಗಿ ಏರಿ ಇಳಿಯುವ ಸ್ವರವನ್ನು ಹಾಕುತ್ತಾರೆ, ಒಂದು ಏರಿಳಿತಕ್ಕೆ ಹಲವು ಸೆಕೆಂಡು ಹಿಡಿಯುತ್ತದೆ. ವೃತ್ತ ಬಂದಾಗ ಚುರುಕು ಸ್ವರಕ್ಕೆ ಬದಲಿಸುತ್ತಾರೆ, ಅಲ್ಲಿ ಒಂದು ಸೆಕೆಂಡಿನಲ್ಲಿ ಮೂರು ನಾಲ್ಕು ಏರಿಳಿತಗಳು ಬರುತ್ತವೆ. ನಿಧಾನದ್ದು ಊಳಿನ ಅಳತೆಗೆ ಕೂರುತ್ತದೆ, ಚುರುಕಿನದ್ದು ಕೂರುವುದಿಲ್ಲ. ಇನ್ನೊಂದು ಕಾರಣ ರೂಢಿ. ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಮಲಗುವ ನಾಯಿಗಳಿಗೆ ಸೈರನ್ ದಿನವೂ ಹತ್ತಿರದಿಂದ, ವಾಹನದ ಸಮೇತ ಸಿಗುತ್ತದೆ. ಅದು ಕರೆಯಲ್ಲ, ಗಾಡಿಯ ಸದ್ದು ಎಂದು ಅವಕ್ಕೆ ಮನವರಿಕೆಯಾಗಿರುತ್ತದೆ. ಮತ್ತೊಂದು ಕಾರಣ ಮೊದಲ ದನಿಯ ನಾಯಿ ಅಂದು ಬೇರೆಲ್ಲೋ ಇರುವುದು. ಅದು ಇಲ್ಲದ ರಾತ್ರಿ ಉಳಿದವು ಕಿವಿ ಎತ್ತಿ, ಒಂದನ್ನೊಂದು ನೋಡಿ ಮತ್ತೆ ತಲೆ ಇಟ್ಟುಬಿಡುತ್ತವೆ.

‘ನಾವು ಕೂಗಿದ್ದರಿಂದಲೇ ಸೈರನ್ ಓಡಿಹೋಯಿತು ಎಂದು ನಾಯಿಗಳು ತಿಳಿಯುತ್ತವೆ, ಅದಕ್ಕೇ ಪ್ರತಿ ಸಲ ಕೂಗುತ್ತವೆ’ ಎಂಬ ವಿವರಣೆಯೊಂದು ಹರಡಿದೆ. ಅಂಚೆಯವನನ್ನು ಬೊಗಳಿ ‘ಓಡಿಸುವ’ ನಾಯಿಯ ವಿಷಯದಲ್ಲಿ ಅದು ಸರಿ. ಇಲ್ಲಿ ನನಗೆ ಅದು ಒಪ್ಪಿಗೆಯಿಲ್ಲ. ಓಡಿಸಬೇಕೆಂದಿರುವ ನಾಯಿ ಬೊಗಳುತ್ತದೆ, ಮುಂದೆ ನುಗ್ಗುತ್ತದೆ, ಬೆನ್ನಿನ ಕೂದಲು ನಿಮಿರುತ್ತದೆ. ಊಳಿಡುವ ನಾಯಿಯಲ್ಲಿ ಇವು ಯಾವುವೂ ಕಾಣುವುದಿಲ್ಲ, ಅದು ನಿಂತಲ್ಲೇ ನಿಂತು ಕರೆಯುತ್ತದೆ.

ಸೈರನ್ನಿನ ಊಳು ನಿರಪಾಯ, ಅದಕ್ಕೆ ಕಲ್ಲು ಬೀಸುವ ಅಗತ್ಯವಿಲ್ಲ. ಆದರೆ ಅದರಂತೆಯೇ ಕೇಳಿಸುವ ಬೇರೆ ಊಳುಗಳಿವೆ, ಅವನ್ನು ಬೇರ್ಪಡಿಸಲು ತಿಳಿದಿರಬೇಕು. ಸೈರನ್ ಇಲ್ಲದೆ ಒಂದೇ ನಾಯಿ, ಒಂದೇ ಜಾಗದಿಂದ, ಗಂಟೆಗಟ್ಟಲೆ ಊಳುತ್ತಿದ್ದು ಉಳಿದವು ಸುಮ್ಮನಿದ್ದರೆ, ಅದು ಎಲ್ಲೋ ಸಿಕ್ಕಿಕೊಂಡಿದೆ, ಗಾಯಗೊಂಡಿದೆ, ಮರಿಗಳನ್ನು ಕಳೆದುಕೊಂಡಿದೆ ಅಥವಾ ಮುಪ್ಪಿನಿಂದ ಮರುಳಾಗಿದೆ. ಹೋಗಿ ನೋಡುವುದು ಒಳ್ಳೆಯದು. ಇದಕ್ಕಿಂತ ಎಚ್ಚರ ಬೇಕಾದದ್ದು ದನಿಯೇ ಬದಲಾದ ನಾಯಿ. ರೇಬೀಸ್ ಗಂಟಲಿನ ಸ್ನಾಯುಗಳನ್ನು ಹಿಡಿದಾಗ ಬೊಗಳು ಒಡೆದು, ಕರ್ಕಶವಾಗಿ, ಕೊನೆಯಲ್ಲಿ ಊಳಿನಂತೆ ಎಳೆಯತೊಡಗುತ್ತದೆ. ಅಂಥ ದನಿಯ ಜೊತೆಗೆ ಜೊಲ್ಲು ಸುರಿಯುವುದು, ಕೆಳದವಡೆ ಜೋತುಬೀಳುವುದು, ಹಿಂಗಾಲು ತಡವರಿಸುವುದು, ಗುರಿಯಿಲ್ಲದೆ ಅಲೆದು ಸಿಕ್ಕಿದ್ದನ್ನು ಕಚ್ಚುವುದು ಕಂಡರೆ ಹತ್ತಿರ ಹೋಗಬೇಡಿ, ಮಕ್ಕಳನ್ನು ಒಳಗೆ ಕರೆದುಕೊಳ್ಳಿ, ಪಶುವೈದ್ಯರಿಗೆ ತಿಳಿಸಿ. ಅದು ಯಾರನ್ನಾದರೂ ಕಚ್ಚಿದ್ದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು. ಸೈರನ್ನಿಗೆ ಊಳಿಡುವ ಆರೋಗ್ಯವಂತ ನಾಯಿಯ ದನಿ ತಿಳಿಯಾಗಿರುತ್ತದೆ, ಸೈರನ್ ನಿಂತ ಸ್ವಲ್ಪ ಹೊತ್ತಿಗೆ ಅದೂ ನಿಲ್ಲುತ್ತದೆ.

ನಿಲ್ಲುವುದಕ್ಕೂ ಒಂದು ಕ್ರಮವಿದೆ. ಸೈರನ್ ಮರೆಯಾದ ಮೇಲೂ ನಾಯಿಗಳು ಒಂದಕ್ಕೊಂದು ಉತ್ತರಿಸಿಕೊಂಡು ಇನ್ನಷ್ಟು ಹೊತ್ತು ಮುಂದುವರಿಸುತ್ತವೆ. ಮೂಲ ಕಾರಣ ಹೋದರೂ ಸರಪಳಿ ತನ್ನ ಬಲದಿಂದಲೇ ಓಡುತ್ತಿರುತ್ತದೆ. ಆಮೇಲೆ ಊಳುಗಳು ಮೊಟಕಾಗುತ್ತವೆ, ನಡುವೆ ಒಂದೆರಡು ಬೊಗಳುಗಳು ಸೇರುತ್ತವೆ, ಒಂದು ನಾಯಿ ಮೈ ಕೊಡವುತ್ತದೆ, ಇನ್ನೊಂದು ಅದರ ಮೂತಿ ಮೂಸುತ್ತದೆ. ಹೀಗೆ ಮುಗಿದ ಕೆಲವೇ ನಿಮಿಷಗಳಲ್ಲಿ ಎರಡನೆಯ ಸೈರನ್ ಬಂದರೆ ಕಿವಿಗೊಟ್ಟು ಗಮನಿಸಿ. ಸಾಮಾನ್ಯವಾಗಿ ಅದಕ್ಕೆ ಉತ್ತರ ಬರುವುದಿಲ್ಲ, ಬಂದರೂ ಒಂದು ನಾಯಿಯ ಅರ್ಧ ಊಳು ಮಾತ್ರ. ಎಲ್ಲರೂ ಎಲ್ಲಿದ್ದಾರೆ ಎಂದು ಈಗಷ್ಟೇ ಕೇಳಿ ತಿಳಿದಾಗಿದೆ.